ದೀರ್ಘವಾದ ವ್ಯಾಪಾರ ಪ್ರಕರಣವನ್ನು ಸಂಗ್ರಹಿಸುವ ಕ್ರಮ: ರಾಯಚೂರು ಗಂಜಿನ ಹತ್ತಿಯ ಉದಾಹರಣೆ

ವ್ಯಾಪಾರ ಶಿಕ್ಷಣದಲ್ಲಿ ಪ್ರಕರಣವೆಂದರೆ ನಿಜವಾಗಿ ನಡೆದ ಒಂದು ವ್ಯವಹಾರದ ವಿಸ್ತಾರವಾದ ವರದಿ. ಅದನ್ನು ತರಗತಿಯಲ್ಲಿ ಮುಂದಿಟ್ಟು, ಆ ಸಂದರ್ಭದಲ್ಲಿ ಏನು ಮಾಡತಕ್ಕದ್ದೆಂಬುದನ್ನು ವಿದ್ಯಾರ್ಥಿಗಳಿಂದಲೇ ನಿರ್ಣಯ ಮಾಡಿಸುವ ಪದ್ಧತಿಯು ಅಮೆರಿಕದ ಹಾರ್ವರ್ಡ್ ವ್ಯಾಪಾರ ಶಾಲೆಯಲ್ಲಿ 1920ರ ದಶಕದಲ್ಲಿ ನೆಲೆಗೊಂಡಿತು. ಈಗ ಕೃಷಿ ಮಾರಾಟದ ಪಾಠಗಳಲ್ಲಿಯೂ ಈ ಪದ್ಧತಿಯು ಬಳಕೆಯಲ್ಲಿದೆ. ಆದರೆ ಇಂಥ ವರದಿಗಳು ಮೂವತ್ತು ನಾಲ್ವತ್ತು ಪುಟಗಳಷ್ಟು ಉದ್ದವಾಗಿರುವುದರಿಂದ, ಚರ್ಚೆಗೆ ಮುಂಚೆ ಅವುಗಳನ್ನು ಎರಡು ಪುಟಗಳಿಗೆ ಇಳಿಸಬೇಕಾಗುವುದು. ಆ ಎರಡು ಪುಟಗಳಲ್ಲಿ ನಾಲ್ಕು ಭಾಗಗಳಿರತಕ್ಕದ್ದು: ಸಂಗತಿಗಳು, ಸಮಸ್ಯೆ, ಮಾರ್ಗಗಳು, ಸಲಹೆ. ಈ ನಾಲ್ಕನ್ನು ಬೇರೆಬೇರೆಯಾಗಿ ಇಡುವುದು ಹೇಗೆ, ಒಂದರೊಳಗೆ ಇನ್ನೊಂದು ಬೆರೆತರೆ ಏನು ಕೆಡುವುದು ಎಂಬುದನ್ನು ನಮ್ಮ ನಾಡಿನದೇ ಒಂದು ಪ್ರಕರಣದಿಂದ ಇಲ್ಲಿ ತೋರಿಸಲಾಗಿದೆ.

ಪ್ರಕರಣದ ಪರಿಚಯ

ಕರ್ನಾಟಕದ ನಿಯಂತ್ರಿತ ಮಾರುಕಟ್ಟೆಗಳು 1966ರ ಅಧಿನಿಯಮದ ಮೇಲೆ ನಿಂತವು. ಬಹುಕಾಲ ಪ್ರತಿಯೊಂದು ಮಾರುಕಟ್ಟೆಯೂ ತನ್ನಷ್ಟಕ್ಕೆ ತಾನೇ ಇತ್ತು. ರಾಯಚೂರಿನ ಗಂಜಿಗೆ ಬಂದ ಮಾಲಿಗೆ ಅಲ್ಲಿಯ ಪರವಾನಗಿ ಪಡೆದ ವರ್ತಕರು ಮಾತ್ರ ಬೆಲೆ ಕಟ್ಟುತ್ತಿದ್ದರು. 2014ರಲ್ಲಿ ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೊಂದೂ ಸಮಪಾಲಿನಲ್ಲಿ ಕೂಡಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಕಂಪೆನಿಯನ್ನು ಸ್ಥಾಪಿಸಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದುವು. ಇದರಿಂದ ಒಂದೇ ಪರವಾನಗಿಯ ಮೇಲೆ ವರ್ತಕನು ರಾಜ್ಯದ ಯಾವ ಮಾರುಕಟ್ಟೆಯ ಮಾಲಿಗಾದರೂ ಗಣಕಯಂತ್ರದ ಮೂಲಕ ಬೆಲೆ ಸೂಚಿಸಬಹುದಾಯಿತು. 2019ರ ನವಂಬರದ ವೇಳೆಗೆ ಈ ವೇದಿಕೆಯ ಮೇಲೆ ಮಾರಾಟವಾದ ಮಾಲು 6 ಕೋಟಿ ಟನ್ನುಗಳನ್ನು ಮೀರಿತ್ತು.

ಈ ವ್ಯವಸ್ಥೆಯಿಂದ ಒಕ್ಕಲಿಗನಿಗೆ ಬಂದ ಲಾಭವೆಷ್ಟೆಂಬುದನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರೆಟ್ಸೆಫ್ ಲೆವಿ ಮೊದಲಾದವರು ಮೇಲ್ಕಂಡ ಕಂಪೆನಿಯವರೊಡನೆ ಕೂಡಿ ಪರೀಕ್ಷಿಸಿ, 2020ರಲ್ಲಿ ಪ್ರಕಟಿಸಿದರು. ವೇದಿಕೆಯ ಪರಿಣಾಮದಿಂದ ಭತ್ತದ ಬೆಲೆಯು ಸರಾಸರಿ ಶೇಕಡ 5.1, ಶೇಂಗಾದ ಬೆಲೆಯು 3.6, ಮೆಕ್ಕೆಜೋಳದ ಬೆಲೆಯು 3.5ರಷ್ಟು ಏರಿತೆಂದು ಅವರು ಕಂಡರು. ಹತ್ತಿ, ಹೆಸರು, ತೊಗರಿಗಳ ಬೆಲೆಯಲ್ಲಿ ಮಾತ್ರ ಗಣನೆಗೆ ಬರುವಂಥ ಏರಿಕೆ ಕಾಣಲಿಲ್ಲ.

ರಾಯಚೂರು ಜಿಲ್ಲೆಗೆ ಈ ಫಲಿತಾಂಶವು ಬಹಳ ಹತ್ತಿರದ ವಿಷಯ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತವೇ ಮುಖ್ಯ ಬೆಳೆ; ದೇವದುರ್ಗದ ಕಡೆಯಿಂದ ಹತ್ತಿಯೂ ತೊಗರಿಯೂ ಬರುವುವು. ಒಂದೇ ವ್ಯವಸ್ಥೆಯಡಿಯಲ್ಲಿ ಮಾನ್ವಿಯವನ ಬೆಳೆಯ ಬೆಲೆ ಏರಿತು, ದೇವದುರ್ಗದವನ ಬೆಳೆಯ ಬೆಲೆ ಏರಲಿಲ್ಲ ಎಂದರೆ, ಮುಂದೆ ಮಾಡಬೇಕಾದುದೇನು? ತರಗತಿಯಲ್ಲಿ ಚರ್ಚೆಯಾಗಬೇಕಾದುದು ಇದೇ.

1. ಸಂಗತಿಗಳು

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ವರದಿಯು ಹೇಳಿದ ಅನುಕ್ರಮದಲ್ಲಿಯೇ ಸಂಗ್ರಹ ಮಾಡುವರು. ಅಧಿನಿಯಮ ಬಂದ ವರ್ಷ, ತಿದ್ದುಪಡಿಯಾದ ವರ್ಷ, ಕಂಪೆನಿಯ ರಚನೆ, ಮಾರುಕಟ್ಟೆಗಳ ಸಂಖ್ಯೆ ಎಂದು ಒಂದಾದ ಮೇಲೊಂದು ಬರೆದು, ಎರಡು ಪುಟಗಳನ್ನು ಅದರಲ್ಲಿಯೇ ಮುಗಿಸುವರು. ಇದನ್ನು ತಪ್ಪಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ಒಂದು ಸಂಗತಿಯನ್ನು ಹೊಡೆದುಹಾಕಿ ನೋಡತಕ್ಕದ್ದು. ಅದಿಲ್ಲದಿದ್ದರೂ ಯಾವ ಮಾರ್ಗದ ಗುಣದೋಷವೂ ಬದಲಾಗದಿದ್ದರೆ ಅದು ಸಂಗ್ರಹಕ್ಕೆ ಬೇಡವಾದುದು. ಕಂಪೆನಿಯಲ್ಲಿ ಯಾರ ಪಾಲು ಎಷ್ಟೆಂಬುದು ಈ ಪ್ರಕರಣದ ಪರಿಚಯಕ್ಕೆ ಬೇಕು. ಹತ್ತಿಯ ನಿರ್ಣಯಕ್ಕೆ ಬೇಡ. ಒಕ್ಕಲಿಗನ ಮಾಲು ಗಂಜಿನೊಳಗೆ ಯಾವ ಹಂತಗಳನ್ನು ದಾಟುವುದೆಂಬುದು ಅವಶ್ಯವಾಗಿ ಬೇಕು.

ಆ ಹಂತಗಳು ಹೀಗಿವೆ. ಬಾಗಿಲಲ್ಲಿ ಮಾಲಿನ ನೋಂದಣಿಯಾಗಿ ಅದಕ್ಕೊಂದು ಲಾಟು ಸಂಖ್ಯೆ ಬರುವುದು. ಮಾಲು ಅಡತಿ ಅಂಗಡಿಯ ಮುಂದೆ ಇಳಿಯುವುದು. ವರ್ತಕರು ಬಂದು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸುವರು. ಅನಂತರ ಗೊತ್ತಾದ ವೇಳೆಯೊಳಗೆ ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದಂತೆ ಟೆಂಡರು ಹಾಕುವರು. ಎಲ್ಲಕ್ಕಿಂತ ಹೆಚ್ಚಿನ ಬೆಲೆಯನ್ನು ಪ್ರಕಟಿಸಿದ ಮೇಲೆ ಅದಕ್ಕೆ ಒಪ್ಪುವುದೂ ಬಿಡುವುದೂ ಒಕ್ಕಲಿಗನ ಇಷ್ಟ. ಒಪ್ಪಿದರೆ ತೂಕವೂ ಹಣದ ಪಾವತಿಯೂ ಆಗುವುವು. ಈ ಹಂತಗಳಲ್ಲಿ ಬೆಲೆ ಸೂಚಿಸುವ ಕ್ರಮ ಬದಲಾಯಿತು. ಮಾಲನ್ನು ಎದುರಿಗೆ ನಿಂತು ಪರೀಕ್ಷಿಸುವ ರೂಢಿ ಉಳಿದುಕೊಂಡಿತು. ಈ ಒಂದು ಸಂಗತಿಯು ಸಂಗ್ರಹದಲ್ಲಿ ತಪ್ಪದೆ ಬರತಕ್ಕದ್ದು.

ಸಂಗತಿಗಳ ಭಾಗದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಶೇಕಡ 5.1 ಎಂಬುದು ರಾಜ್ಯದ ಮಾರುಕಟ್ಟೆಗಳ ಸರಾಸರಿಯೇ ಹೊರತು ರಾಯಚೂರು ಗಂಜಿನ ಅಥವಾ ಮಾನ್ವಿಯ ಲೆಕ್ಕವಲ್ಲ. ಪಕ್ಕದ ರಾಜ್ಯಗಳ ಮಾರುಕಟ್ಟೆಗಳೊಡನೆ ಹೋಲಿಸಿ ಪಡೆದ ಅಂಕಿಯಾದುದರಿಂದ, ಬೆಲೆಗಳ ಸಾಮಾನ್ಯವಾದ ಏರಿಳಿತವನ್ನು ಕಳೆದು ಉಳಿದ ಭಾಗವೆಂದು ಇದನ್ನು ತಿಳಿಯತಕ್ಕದ್ದು. “ಮಾನ್ವಿಯ ಭತ್ತಕ್ಕೆ ಶೇಕಡ 5.1 ಹೆಚ್ಚು ಬಂತು” ಎಂದು ಬರೆದರೆ ಮೂಲವು ಹೇಳದ ಮಾತನ್ನು ಹೇಳಿದಂತಾಗುವುದು. ಅಂಕಿ ಯಾವುದು, ಯಾವ ಪ್ರದೇಶದ್ದು, ಯಾವ ಕಾಲದ್ದು ಎಂಬ ಮೂರನ್ನೂ ಕೂಡಿಸಿಯೇ ಬರೆಯಬೇಕು.

ಕೊನೆಯದಾಗಿ, ಕಾರಣಗಳನ್ನು ಸಂಗತಿಗಳಲ್ಲಿ ಸೇರಿಸಬಾರದು. ಬೇರೆಬೇರೆ ಮಾಲುಗಳಲ್ಲಿ, ಬೇರೆಬೇರೆ ಮಾರುಕಟ್ಟೆಗಳಲ್ಲಿ ಪರಿಣಾಮವು ಭಿನ್ನವಾಗಲು ಸಾಗಣೆಯ ತೊಡಕು, ಟೆಂಡರಿನ ದಕ್ಷತೆ, ಕೊಳ್ಳುವವರು ಕೆಲವರೇ ಆಗಿರುವುದು, ಬೆಲೆ ಗೊತ್ತುಪಡಿಸುವ ರೀತಿ ಇವುಗಳನ್ನು ಆ ವಿದ್ವಾಂಸರು ಸೂಚಿಸಿದ್ದಾರೆ. ಹತ್ತಿಗೆ ಇವುಗಳಲ್ಲಿ ಯಾವುದು ಎಷ್ಟು ತಗಲುವುದೆಂಬುದು ಊಹೆ. ಬೆಲೆ ಏರಲಿಲ್ಲವೆಂಬುದು ಸಂಗತಿ; ಏಕೆ ಏರಲಿಲ್ಲವೆಂಬುದು ಚರ್ಚೆಗೆ ಬಿಡಬೇಕಾದ ವಿಷಯ. ಸಂಗತಿಗಳ ಪುಟದಲ್ಲಿಯೇ “ಪರೀಕ್ಷಾಲಯವಿಲ್ಲದ ಕಾರಣ ಹತ್ತಿಯ ಬೆಲೆ ಏರಲಿಲ್ಲ” ಎಂದು ಬರೆದರೆ ಚರ್ಚೆಯು ಆರಂಭವಾಗುವ ಮೊದಲೇ ಮುಗಿಯಿತು.

2. ಸಮಸ್ಯೆ

ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯತಕ್ಕದ್ದು. ಆ ವಾಕ್ಯದಲ್ಲಿ ನಿರ್ಣಯ ಮಾಡತಕ್ಕವರು ಯಾರು, ಯಾವ ಕಾಲದೊಳಗೆ, ಯಾವ ವಿಷಯದ ಮೇಲೆ ಎಂಬುದು ಇರಬೇಕು. “ರಾಯಚೂರಿನಲ್ಲಿ ಹತ್ತಿ ಪರೀಕ್ಷಾ ಯಂತ್ರಗಳ ಕೊರತೆ” ಎಂದು ಬರೆಯುವುದು ಬಹಳ ಮಂದಿ ಮಾಡುವ ತಪ್ಪು. ಅದರೊಳಗೆ ಉತ್ತರವೇ ಅಡಗಿದೆ. ಕೊರತೆ ಯಂತ್ರದ್ದಾದರೆ ಯಂತ್ರವನ್ನು ತರುವುದೇ ಪರಿಹಾರವೆಂದಾಗಿ, ಬೇರೆ ಮಾರ್ಗಗಳಿಗೆ ಎಡೆಯೇ ಉಳಿಯುವುದಿಲ್ಲ. “ಒಕ್ಕಲಿಗನಿಗೆ ನ್ಯಾಯವಾದ ಬೆಲೆ ದೊರೆಯದಿರುವುದು” ಎಂಬುದು ಇದಕ್ಕೆ ವಿರುದ್ಧವಾದ ತಪ್ಪು. ಅದನ್ನು ನಿರ್ಣಯಿಸುವವರು ಯಾರೆಂದು ತಿಳಿಯುವುದಿಲ್ಲ.

ಈ ಪ್ರಕರಣಕ್ಕೆ ಸರಿಯಾದ ವಾಕ್ಯವು ಹೀಗಿರಬಹುದು: ದೇವದುರ್ಗದ ಕಡೆಯ ಹತ್ತಿಗೆ ಹೊರಗಿನ ವರ್ತಕರೂ ಧೈರ್ಯವಾಗಿ ಟೆಂಡರು ಹಾಕುವಂತೆ ಮಾಡಲು, ರಾಯಚೂರಿನ ಮಾರುಕಟ್ಟೆ ಸಮಿತಿಯು ಬರುವ ಹತ್ತಿಯ ಹಂಗಾಮಿಗೆ ಮುಂಚೆ ಮಾಲಿನ ಪರೀಕ್ಷೆಯ ಕ್ರಮದಲ್ಲಿ ಯಾವ ಬದಲಾವಣೆಯನ್ನು ಮಾಡಬೇಕು, ಅಥವಾ ಮಾಡಲೇಬಾರದು?

ಪರೀಕ್ಷೆಯ ಕ್ರಮವನ್ನೇ ಏಕೆ ಆರಿಸಬೇಕೆಂಬುದಕ್ಕೆ ಸಂಗ್ರಹದಲ್ಲಿ ಚಿಕ್ಕ ಲೆಕ್ಕವೊಂದನ್ನು ಕೊಡುವುದು ಒಳ್ಳೆಯದು. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ಹತ್ತಿಯ ತೇವಾಂಶವನ್ನು ಶೇಕಡ 8 ಎಂದು ಹಿಡಿದು, ಅದಕ್ಕಿಂತ ಹೆಚ್ಚಿದ್ದರೆ ಬೆಲೆಯನ್ನು ಕಡಿದು, 12ರ ವರೆಗೆ ತೆಗೆದುಕೊಳ್ಳುವ ಪದ್ಧತಿಯಿದೆ. ಶೇಕಡ 8 ತೇವವಿರುವ ಒಂದು ಕ್ವಿಂಟಾಲಿನಲ್ಲಿ ಒಣಮಾಲು 92 ಕಿಲೋ. ಶೇಕಡ 12 ತೇವವಿರುವುದರಲ್ಲಿ 88 ಕಿಲೋ. ಲೆಕ್ಕಕ್ಕೆಂದು ಮೊದಲನೆಯದರ ಬೆಲೆಯನ್ನು 7,000 ರೂಪಾಯಿ ಎಂದು ಹಿಡಿದರೆ, ಅದೇ ಪ್ರಮಾಣದಲ್ಲಿ ಎರಡನೆಯದರ ಬೆಲೆ ಸುಮಾರು 6,696 ರೂಪಾಯಿ ಆಗುವುದು. ವ್ಯತ್ಯಾಸವು 304 ರೂಪಾಯಿ, ಎಂದರೆ ಶೇಕಡ 4.3ರಷ್ಟು.

ಭತ್ತಕ್ಕೆ ವೇದಿಕೆಯಿಂದ ಬಂದ ಲಾಭವು ಶೇಕಡ 5.1. ಹತ್ತಿಯಲ್ಲಿ ತೇವ ಒಂದರಿಂದಲೇ ಹೆಚ್ಚು ಕಡಿಮೆ ಅಷ್ಟೇ ಅಂತರ ಬೀಳಬಹುದು. ದೂರದ ವರ್ತಕನಿಗೆ ಮಾಲನ್ನು ಮುಟ್ಟಿ ನೋಡಲು ಆಗುವುದಿಲ್ಲ. ಆದುದರಿಂದ ಅವನು ಎಲ್ಲ ಹತ್ತಿಯನ್ನೂ ತೇವವಿರುವ ಹತ್ತಿಯೆಂದೇ ಎಣಿಸಿ ಕಡಿಮೆ ಬೆಲೆ ಸೂಚಿಸುವನು, ಇಲ್ಲವೆ ಸುಮ್ಮನಿರುವನು. ಹೀಗೆ ಸ್ಪರ್ಧೆಯಿಂದ ಬರಬೇಕಾದ ಲಾಭವನ್ನು ಅನುಮಾನವು ತಿಂದುಹಾಕುವುದು. ಇದು ಯುಕ್ತಿಯಿಂದ ಬಂದ ಊಹೆ. ಮೂಲ ವರದಿಯ ನಿರ್ಣಯವಲ್ಲ. ಸಂಗ್ರಹದಲ್ಲಿ “ಊಹೆ” ಎಂದೇ ಗುರುತು ಹಾಕತಕ್ಕದ್ದು.

3. ಮಾರ್ಗಗಳು

ಮಾರ್ಗಗಳು ಮೂರು ನಾಲ್ಕಕ್ಕಿಂತ ಹೆಚ್ಚಾಗಬಾರದು. ಪ್ರತಿಯೊಂದೂ ಬುದ್ಧಿವಂತನಾದ ಒಬ್ಬನು ನಿಜವಾಗಿ ಆರಿಸಬಹುದಾದುದಾಗಿರಬೇಕು. ಎರಡು ಹುಚ್ಚು ಮಾರ್ಗಗಳ ನಡುವೆ ಒಂದು ಒಳ್ಳೆಯದನ್ನು ಇಟ್ಟರೆ ಅದು ಆಯ್ಕೆಯಾಗುವುದಿಲ್ಲ. ಪ್ರತಿ ಮಾರ್ಗಕ್ಕೂ ಅದರಿಂದ ಆಗುವ ಅನುಕೂಲ, ತಗಲುವ ವೆಚ್ಚ, ಯಾರಿಗೆ ನಷ್ಟ ಎಂಬ ಮೂರನ್ನೂ ಬರೆಯಬೇಕು. ಹೋಲಿಕೆಗಾಗಿ ಎಲ್ಲಕ್ಕೂ ಒಂದೇ ಅಳತೆಯನ್ನು ಹಿಡಿಯತಕ್ಕದ್ದು. ಇಲ್ಲಿ ಲೆಕ್ಕಕ್ಕೆಂದು ದಿನಕ್ಕೆ 600 ಲಾಟುಗಳು ಬರುವುವೆಂದೂ, ಟೆಂಡರಿಗೆ ಮುಂಚೆ ಪರೀಕ್ಷೆಗೆ 4 ಗಂಟೆ ದೊರೆಯುವುದೆಂದೂ ಇಟ್ಟುಕೊಳ್ಳಲಾಗಿದೆ. ವಿದ್ಯಾರ್ಥಿಗಳು ಗಂಜಿನ ದಾಖಲೆಯನ್ನು ನೋಡಿ ಈ ಅಂಕಿಗಳನ್ನು ಬದಲಾಯಿಸಿಕೊಳ್ಳಬೇಕು.

ಮೊದಲನೆಯ ಮಾರ್ಗ, ಈಗಿರುವಂತೆಯೇ ಬಿಡುವುದು. ವೆಚ್ಚವಿಲ್ಲ, ತಡವಿಲ್ಲ, ಸ್ಥಳದ ವರ್ತಕರು ಕೈಯಿಂದ ಮುಟ್ಟಿಯೇ ತೇವವನ್ನು ಅಂದಾಜು ಮಾಡಬಲ್ಲರು. ಆದರೆ ಆ ಅಂದಾಜು ಅವರಲ್ಲಿಯೇ ಉಳಿಯುವುದರಿಂದ ಹೊರಗಿನವರು ಬರುವುದಿಲ್ಲ. ಇದನ್ನು ಸಂಗ್ರಹದಿಂದ ಬಿಡಬಾರದು, ಏಕೆಂದರೆ ಉಳಿದೆಲ್ಲ ಮಾರ್ಗಗಳನ್ನು ಇದರೊಡನೆಯೇ ತೂಗಿ ನೋಡಬೇಕು.

ಎರಡನೆಯದು, ಎಲ್ಲ ಲಾಟುಗಳಿಗೂ ಎಳೆಯ ಉದ್ದ, ಕಸ, ತೇವ ಇವೆಲ್ಲದರ ಪೂರ್ಣ ಪರೀಕ್ಷೆ ಮಾಡಿ, ಫಲಿತಾಂಶವನ್ನು ಟೆಂಡರಿನ ಜತೆಗೆ ತೋರಿಸುವುದು. ಒಂದು ಲಾಟಿಗೆ 15 ನಿಮಿಷ ಹಿಡಿಯುವುದೆಂದರೆ ಒಂದು ಮೇಜಿನಲ್ಲಿ 4 ಗಂಟೆಗೆ 16 ಲಾಟು ಮುಗಿಯುವುವು. 600ಕ್ಕೆ 38 ಮೇಜುಗಳೂ ಅಷ್ಟು ಮಂದಿ ಕಲಿತವರೂ ಬೇಕು. ಮಾಹಿತಿ ಪೂರ್ಣ, ಆದರೆ ಜನ ಸಾಲದಿದ್ದರೆ ಬಂಡಿಗಳು ರಾತ್ರಿಯವರೆಗೆ ನಿಲ್ಲುವುವು. ದೇವದುರ್ಗದಿಂದ ಬಾಡಿಗೆಯ ವಾಹನದಲ್ಲಿ ಬಂದ ಒಕ್ಕಲಿಗನಿಗೆ ಈ ತಡವೇ ಒಂದು ವೆಚ್ಚ.

ಮೂರನೆಯದು, ತೇವಾಂಶವನ್ನು ಮಾತ್ರ ಅಳೆಯುವುದು. ಅಂಡಿಗೆಯ ಮೇಲೆ, ನಡುವೆ, ಕೆಳಗೆ ಮೂರು ಕಡೆಯಿಂದ ಹತ್ತಿಯನ್ನು ತೆಗೆದು ತೇವಮಾಪಕದಿಂದ ನೋಡಿ ಸರಾಸರಿ ಬರೆಯಲು 3 ನಿಮಿಷ ಸಾಕೆಂದರೆ, ಒಂದು ಮಾಪಕಕ್ಕೆ 80 ಲಾಟು, ಒಟ್ಟು 8 ಮಾಪಕಗಳು ಸಾಕು. ಆದರೆ ಎಳೆಯ ಉದ್ದವೂ ಕಸವೂ ತಿಳಿಯದೆ ಉಳಿಯುವುವು. ಮೇಲಿನಿಂದ ಮಾತ್ರ ಮಾದರಿ ತೆಗೆದರೆ, ಮೇಲೆ ಒಣ ಹತ್ತಿ, ನಡುವೆ ಹಸಿ ಹತ್ತಿ ತುಂಬಿದ ಅಂಡಿಗೆಯು ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು. ಮುಂಜಾನೆ ಮಂಜಿನಲ್ಲಿ ಬಿಡಿಸಿ, ಒಣಗಿಸದೆ ತಂದವನಿಗೆ ಈ ಕ್ರಮದಿಂದ ಬೆಲೆ ಇಳಿಯುವುದೂ ನಿಜ. ಈ ನಷ್ಟವನ್ನು ಮರೆಮಾಡದೆ ಬರೆಯತಕ್ಕದ್ದು.

ನಾಲ್ಕನೆಯದು, ದೇವದುರ್ಗದ ಹಳ್ಳಿಗಳಲ್ಲಿಯೇ ಒಕ್ಕಲಿಗರು ಹತ್ತಿಯನ್ನು ವಿಂಗಡಿಸಿ, ಕೂಡಿಸಿ, ದೊಡ್ಡ ಲಾಟಾಗಿ ತರುವುದು. ತಲಾ 10 ಕ್ವಿಂಟಾಲಿನ 20 ಮಂದಿ ಕೂಡಿದರೆ 200 ಕ್ವಿಂಟಾಲಿನ ಒಂದು ಲಾಟು. ಎಲ್ಲರೂ ಹೀಗೆ ಮಾಡಿದರೆ 600 ಲಾಟುಗಳು 30 ಆಗುವುವು. ಪೂರ್ಣ ಪರೀಕ್ಷೆಗೂ 2 ಮೇಜುಗಳು ಸಾಕು. ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಅಗ್ಗ. ಆದರೆ ಒಬ್ಬನ ಹಸಿ ಹತ್ತಿಯು ಉಳಿದ 19 ಮಂದಿಯ ಬೆಲೆಯನ್ನು ಕೆಡಿಸಬಹುದು. ಬಿತ್ತನೆಯ ಕಾಲಕ್ಕೆ ಅಡತಿದಾರನಿಂದ ಮುಂಗಡ ಪಡೆದವನು ಆ ಅಂಗಡಿಗೇ ಮಾಲು ಹಾಕಬೇಕಾಗುವುದರಿಂದ ಕೂಟಕ್ಕೆ ಸೇರಲಾರನು. ಕೂಟದ ಲಾಟು ಮಾರಿ ಹಣ ಬರುವವರೆಗೆ ಕಾಯಲಾರದವನೂ ಇರುವನು. ಇಲ್ಲಿಯ ಅಡ್ಡಿ ಯಂತ್ರದ್ದಲ್ಲ, ಸಾಲದ್ದು.

4. ಸಲಹೆ

ಸಲಹೆಯು ಮಾರ್ಗಗಳಲ್ಲಿ ಒಂದನ್ನು ಆರಿಸಿ, ಏಕೆ ಉಳಿದವನ್ನು ಬಿಟ್ಟಿತೆಂಬುದನ್ನು ಹೇಳಬೇಕು. “ಎಲ್ಲವನ್ನೂ ಹಂತಹಂತವಾಗಿ ಮಾಡತಕ್ಕದ್ದು” ಎಂಬುದು ಸಲಹೆಯಲ್ಲ, ನಿರ್ಣಯದಿಂದ ತಪ್ಪಿಸಿಕೊಳ್ಳುವ ದಾರಿ. ಅಲ್ಲದೆ, ಯಾವ ಲಕ್ಷಣ ಕಂಡರೆ ಸಲಹೆಯು ತಪ್ಪೆಂದು ತಿಳಿಯಬೇಕೆಂಬುದನ್ನೂ ಮೊದಲೇ ಬರೆದಿಡಬೇಕು.

ಈ ಪ್ರಕರಣದಲ್ಲಿ ಮೂರನೆಯ ಮಾರ್ಗವನ್ನು ಒಂದು ಹಂಗಾಮಿನ ಮಟ್ಟಿಗೆ ಸಲಹೆ ಮಾಡಬಹುದು. ಪೂರ್ಣ ಪರೀಕ್ಷೆಗೆ ಬೇಕಾದ ಜನವನ್ನು ಒಮ್ಮೆಗೇ ಒದಗಿಸುವುದು ಕಷ್ಟ; ಕೂಟದ ಮಾರ್ಗಕ್ಕೆ ಸಾಲದ ವ್ಯವಸ್ಥೆ ಮೊದಲು ಬದಲಾಗಬೇಕು, ಅದು ಮಾರುಕಟ್ಟೆ ಸಮಿತಿಯೊಂದರ ಕೈಯಲ್ಲಿರುವುದಲ್ಲ. ತೇವದ ಪರೀಕ್ಷೆಯನ್ನು ಸಮಿತಿಯು ತಾನೇ, ಹಂಗಾಮಿಗೆ ಮುಂಚೆಯೇ ಆರಂಭಿಸಬಹುದು. ಜತೆಗೆ, ಈ ಮಾರ್ಗವು ಮೇಲೆ ಹೇಳಿದ ಊಹೆಯನ್ನೇ ಒರೆಗೆ ಹಚ್ಚುವುದು.

ಒರೆಗೆ ಹಚ್ಚುವ ಬಗೆ ಹೀಗೆ. ಪ್ರತಿ ಲಾಟಿನ ಮುಂದೆ ತೇವಾಂಶ, ಟೆಂಡರು ಹಾಕಿದವರ ಸಂಖ್ಯೆ, ಅವರಲ್ಲಿ ಹೊರಗಿನವರೆಷ್ಟು, ಕೊನೆಯ ಬೆಲೆ ಇವು ನಾಲ್ಕನ್ನು ಬರೆಯತಕ್ಕದ್ದು. ಹಂಗಾಮಿನ ಕೊನೆಯಲ್ಲಿ ಒಣ ಹತ್ತಿಗೂ ಹಸಿ ಹತ್ತಿಗೂ ಬೆಲೆಯ ಅಂತರವು ಹಿಂದಿನದಕ್ಕಿಂತ ಸ್ಪಷ್ಟವಾಗಿ, ಒಣ ಲಾಟಿಗೆ ಹೊರಗಿನ ಟೆಂಡರುಗಳು ಹೆಚ್ಚಿದ್ದರೆ, ಅನುಮಾನವೇ ಬೆಲೆಯನ್ನು ತಡೆಯುತ್ತಿತ್ತೆಂದು ತಿಳಿಯಬಹುದು. ಆಗ ಎಳೆಯ ಉದ್ದದ ಪರೀಕ್ಷೆಗೆ ಮುಂದುವರಿಯಬಹುದು. ತೇವಾಂಶ ತಿಳಿದರೂ ಟೆಂಡರು ಹಾಕುವವರ ಸಂಖ್ಯೆ ಹೆಚ್ಚದಿದ್ದರೆ ಊಹೆ ತಪ್ಪು. ಸಾಗಣೆಯೋ, ಕೊಳ್ಳುವವರು ಕೆಲವರೇ ಆಗಿರುವುದೋ, ಅಡತಿಯ ಸಾಲವೋ ಕಾರಣವಾಗಿರಬೇಕು. ಆಗ ಮಾಪಕಗಳಿಗೆ ಇನ್ನಷ್ಟು ಹಣ ಹಾಕದೆ ನಾಲ್ಕನೆಯ ಮಾರ್ಗದ ಕಡೆಗೆ ತಿರುಗಬೇಕು.

ತರಗತಿಯಲ್ಲಿ ಉಪಯೋಗಿಸುವ ವಿಧಾನ

ಸಂಗ್ರಹದ ಮೊದಲ ಮೂರು ಭಾಗಗಳನ್ನು ಮಾತ್ರ ಹಿಂದಿನ ದಿನ ಹಂಚತಕ್ಕದ್ದು. ಪ್ರತಿ ವಿದ್ಯಾರ್ಥಿಯೂ ತನ್ನ ಆಯ್ಕೆಯನ್ನು ಒಂದು ವಾಕ್ಯದಲ್ಲಿ ಬರೆದು ತಂದ ಮೇಲೆ ಚರ್ಚೆ ಆರಂಭವಾಗಬೇಕು. ನಾಲ್ಕನೆಯ ಭಾಗವನ್ನು ಕೊನೆಯ ಹತ್ತು ನಿಮಿಷಗಳಲ್ಲಿ ಓದಿ, ತರಗತಿಯ ಅಭಿಪ್ರಾಯದೊಡನೆ ಹೋಲಿಸಬೇಕು.

ಸಂಗ್ರಹವು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಪ್ರಕರಣವನ್ನು ಓದದ ಒಬ್ಬನಿಗೆ ಸಂಗತಿಗಳ ಭಾಗವನ್ನು ಮಾತ್ರ ಕೊಟ್ಟು, ಬರೆದವನ ಸಲಹೆ ಯಾವುದಿರಬಹುದೆಂದು ಕೇಳತಕ್ಕದ್ದು. ಅವನು ಕೂಡಲೇ ಸರಿಯಾಗಿ ಹೇಳಿಬಿಟ್ಟರೆ ಸಂಗತಿಗಳು ಒಂದು ಕಡೆಗೆ ವಾಲಿವೆಯೆಂದು ತಿಳಿದು ತಿದ್ದಬೇಕು. ಹತ್ತು ಮಂದಿ ವಿದ್ಯಾರ್ಥಿಗಳು ಒಂದೇ ಮಾರ್ಗವನ್ನು ಆರಿಸಿ ತಂದರೂ ಅದೇ ದೋಷವನ್ನು ಶಂಕಿಸತಕ್ಕದ್ದು.

ಚರ್ಚೆಗೆ ಪ್ರಶ್ನೆಗಳು

(1) ತೇವದ ಪರೀಕ್ಷೆಯಿಂದ ಹಸಿ ಹತ್ತಿ ತಂದ ಬಡ ಒಕ್ಕಲಿಗನಿಗೆ ಆಗುವ ನಷ್ಟವನ್ನು ಸಮಿತಿಯು ಹೇಗೆ ಕಡಿಮೆ ಮಾಡಬಹುದು? ಗಂಜಿನಲ್ಲಿ ಒಣಗಿಸುವ ಕಟ್ಟೆಯೊಂದಿದ್ದರೆ ಮೇಲಿನ ಮಾರ್ಗಗಳ ತೂಕ ಹೇಗೆ ಬದಲಾಗುವುದು?

(2) ತೊಗರಿಗೂ ಬೆಲೆ ಏರಲಿಲ್ಲವಷ್ಟೆ. ಹತ್ತಿಗೆ ಮಾಡಿದ ಊಹೆಯು ತೊಗರಿಗೂ ಹೊಂದುವುದೇ, ಅಥವಾ ಅದಕ್ಕೆ ಬೇರೆಯೇ ಸಮಸ್ಯಾವಾಕ್ಯವನ್ನು ಬರೆಯಬೇಕೇ?

(3) ನಿರ್ಣಯ ಮಾಡತಕ್ಕವರು ಮಾರುಕಟ್ಟೆ ಸಮಿತಿಯಲ್ಲದೆ ದೇವದುರ್ಗದ ಸಹಕಾರ ಸಂಘವೆಂದು ಇಟ್ಟುಕೊಂಡರೆ, ಸಂಗತಿಗಳಲ್ಲಿ ಯಾವುವು ಬಿದ್ದುಹೋಗುವುವು, ಯಾವುವು ಹೊಸದಾಗಿ ಸೇರಬೇಕಾಗುವುವು?